ತಾಡಪಾಲಿನ ಕೆಳಗಿನ ಒಂಬತ್ತು ಬಂಡಲು

ತಾರಸಿಗೆ ಕಂಬಿ ಕಟ್ಟುವವರ ಕೈಯಲ್ಲಿ ಒಂದು ಕೊಕ್ಕೆ, ಸೊಂಟದಲ್ಲಿ ಕಪ್ಪು ತಂತಿಯ ಕಂತೆ. ಎರಡು ಸರಳು ಕೂಡುವ ಕಡೆಯೆಲ್ಲ ಒಂದು ತುಂಡು ತಂತಿ ಸುತ್ತಿ, ಕೊಕ್ಕೆಯಿಂದ ತಿರುವಿ ಬಿಗಿಯುತ್ತಾರೆ. ಅಂಗಡಿಯವರು ಇದನ್ನು ಬೈಂಡಿಂಗ್ ವೈರ್ ಎನ್ನುತ್ತಾರೆ. ಇಡೀ ಮನೆಯ ಖರ್ಚಿನಲ್ಲಿ ಇದರ ಪಾಲು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಇದಿಲ್ಲದ ದಿನ ಸರಳೂ ನಿಲ್ಲುತ್ತದೆ, ಸಿಮೆಂಟೂ ನಿಲ್ಲುತ್ತದೆ, ಕೂಲಿಯವರೂ ಕೂರುತ್ತಾರೆ.

ಶಿರಸಿಯ ಗೆಳೆಯರೊಬ್ಬರ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬ ಮೇಸ್ತ್ರಿ ಬಂದು ಐವತ್ತು ಕಿಲೋ ವೈರ್ ಕೇಳಿದರು. ಇದ್ದದ್ದು ಹನ್ನೆರಡೇ ಕಿಲೋ.

"ನಾಳೆ ಲೋಡ್ ಬರ್ತದೆ ಮೇಸ್ತ್ರಿ, ಬೆಳಿಗ್ಗೆನೇ ಕಳಿಸ್ತೆ" ಎಂದರು ಗೆಳೆಯರು.

"ನಾಳೆ ಸ್ಲ್ಯಾಬು ಸಾವ್ಕಾರ್ರೆ. ಕಂಬಿ ಕಟ್ಟೂದು ಇವತ್ತು" ಎಂದು ಮೇಸ್ತ್ರಿ ಎದುರಿನ ಅಂಗಡಿಗೆ ನಡೆದರು. ಅಲ್ಲಿ ವೈರಿನ ಜೊತೆ ಮೊಳೆ, ಕವರ್ ಬ್ಲಾಕು, ತಾಡಪಾಲು ಎಲ್ಲವೂ ಅವರ ಚೀಟಿಗೆ ಸೇರಿದವು.

ಗೆಳೆಯರು ಉದಾಸೀನ ಮಾಡುವ ಮನುಷ್ಯರೇನಲ್ಲ. ಹುಬ್ಬಳ್ಳಿಯ ಡೀಲರಿಗೆ ತಿಂಗಳಿಗೆ ಎರಡು ಮೂರು ಸಲ ಫೋನು ಮಾಡುತ್ತಿದ್ದರು. ಪ್ರತಿ ಸಲವೂ ಹತ್ತು ಬಂಡಲು, ಅಂದರೆ 250 ಕಿಲೋ, ತರಿಸುತ್ತಿದ್ದರು. ಹತ್ತೇ ಏಕೆ ಎಂದು ಕೇಳಿದರೆ, ಲಗೇಜ್ ಆಟೋದಲ್ಲಿ ಸಲೀಸಾಗಿ ಹಿಡಿಯುತ್ತದೆ ಎಂಬುದೇ ಉತ್ತರ. ಯಾವಾಗ ಫೋನು ಮಾಡುತ್ತೀರಿ ಎಂದರೆ, "ಕಡಿಮೆ ಆಯ್ತು ಅಂತ ಕಂಡಾಗ."

ಈ ಎರಡು ಉತ್ತರಗಳ ಹಿಂದೆ ಇರುವುದು ಎರಡು ಬೇರೆ ಬೇರೆ ಪ್ರಶ್ನೆಗಳು. ಒಂದು ಸಲಕ್ಕೆ ಎಷ್ಟು ತರಿಸಬೇಕು ಎಂಬುದಕ್ಕೆ ವಾಣಿಜ್ಯದ ಪಠ್ಯಪುಸ್ತಕ ಮಿತವ್ಯಯದ ಆರ್ಡರ್ ಪ್ರಮಾಣ ಎನ್ನುತ್ತದೆ. ಎಷ್ಟು ಉಳಿದಾಗ ತರಿಸಬೇಕು ಎಂಬುದಕ್ಕೆ ಮರು ಆರ್ಡರ್ ಮಟ್ಟ ಎನ್ನುತ್ತದೆ. ಮೊದಲನೆಯದಕ್ಕೆ ಒಂದು ಚೆಂದದ ಸೂತ್ರವಿರುವುದರಿಂದ ಹೆಸರೆಲ್ಲ ಅದಕ್ಕೇ ಹೋಗಿದೆ. ಆದರೆ ಅಂಗಡಿ ಸೋಲುವುದು ಹೆಚ್ಚಾಗಿ ಎರಡನೆಯದರಲ್ಲಿ.

ಮೊದಲನೆಯದನ್ನು ನೋಡೋಣ. ಬಿಲ್ ಪುಸ್ತಕ ತೆಗೆದು ಕೂಡಿಸಿದಾಗ ಬೈಂಡಿಂಗ್ ವೈರು ದಿನಕ್ಕೆ ಸರಾಸರಿ 24 ಕಿಲೋ ಹೋಗುತ್ತಿತ್ತು. ವರ್ಷಕ್ಕೆ 300 ದಿನ ಅಂಗಡಿ ತೆರೆದರೆ 7,200 ಕಿಲೋ. ಮಳೆಗಾಲದಲ್ಲಿ ಈ ವೇಗ ಇರುವುದಿಲ್ಲ, ಆ ಮಾತು ಆಮೇಲೆ. ಕೊಳ್ಳುವ ದರ ಬಾಡಿಗೆ ಸೇರಿ ಕಿಲೋಗೆ 70 ರೂಪಾಯಿ ಎಂದು ಹಿಡಿದೆವು.

ಇನ್ನು ಒಂದು ಆರ್ಡರಿನ ಖರ್ಚು. ಇಲ್ಲಿಯೇ ಜನ ತಪ್ಪುವುದು. ಕಿಲೋ ಲೆಕ್ಕದ ಲಾರಿ ಬಾಡಿಗೆ, ಬಂಡಲಿಗೆ ಇಷ್ಟು ಎಂಬ ಹಮಾಲಿ, ಇವೆಲ್ಲ ಆರ್ಡರಿನ ಖರ್ಚಲ್ಲ. ಹತ್ತು ಸಲ ತರಿಸಿದರೂ ಒಂದೇ ಸಲ ತರಿಸಿದರೂ ವರ್ಷಕ್ಕೆ ಅವು ಅಷ್ಟೇ ಆಗುತ್ತವೆ. ಸರಕು ಎಷ್ಟೇ ಇರಲಿ, ಆರ್ಡರು ಮಾಡಿದ್ದಕ್ಕೆಂದೇ ಬೀಳುವ ಖರ್ಚನ್ನು ಮಾತ್ರ ಹಿಡಿಯಬೇಕು. ನಮ್ಮ ಗೆಳೆಯರಿಗೆ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಅಂಗಡಿಗೆ ಆಟೋ 250, ಬಿಲ್ಟಿಯ ಖರ್ಚು 50, ಹೋಗಿ ಬಿಡಿಸಿಕೊಂಡು ಬರುವ ಹುಡುಗನ ಎರಡು ತಾಸಿನ ಸಂಬಳ 100, ತೂಕ ನೋಡಿ ಬಿಲ್ಲು ದಾಖಲಿಸುವ ಬಾಬ್ತು 50. ಒಟ್ಟು 450 ರೂಪಾಯಿ. ಆಟೋ ಎರಡು ಟ್ರಿಪ್ ಹೊಡೆಯುವಷ್ಟು ಸರಕು ಬಂದರೆ ಈ ಲೆಕ್ಕ ಸ್ವಲ್ಪ ಕದಲುತ್ತದೆ. ಆದರೆ ದೊಡ್ಡ ಲೋಡಾದರೆ ಲಾರಿಯೇ ಅಂಗಡಿ ಬಾಗಿಲಿಗೆ ಬರುವುದುಂಟು, ಹಾಗಾಗಿ ಅದನ್ನು ಬಿಟ್ಟೆವು.

ಎದುರಿನ ತಕ್ಕಡಿಯಲ್ಲಿರುವುದು ಸರಕು ಇಟ್ಟುಕೊಳ್ಳುವ ಖರ್ಚು. ಗೆಳೆಯರದು ಓಡಿ ಖಾತೆ, ಬಡ್ಡಿ 12%. ಗೋಡೌನಿನ ಜಾಗಕ್ಕೆ ಮತ್ತು ವಿಮೆಗೆ 3% ಹಿಡಿದೆವು. ಉಳಿದದ್ದು ತುಕ್ಕು. ಬೈಂಡಿಂಗ್ ವೈರನ್ನು ಕಾಯಿಸಿ ಮೆದು ಮಾಡಿರುತ್ತಾರೆ, ಅದಕ್ಕೆ ಸತುವಿನ ಲೇಪವಿಲ್ಲ. ಶಿರಸಿಯ ಹವೆಯಲ್ಲಿ ಬಂಡಲಿನ ಹೊರಸುತ್ತು ಕೆಂಪಗಾದರೆ ಅದು ಗುಜರಿ ದರಕ್ಕೆ ಹೋಗುತ್ತದೆ. ಅದಕ್ಕೆ 5%. ಒಟ್ಟು 20%, ಅಂದರೆ ಒಂದು ಕಿಲೋ ವೈರನ್ನು ವರ್ಷವಿಡೀ ಇಟ್ಟುಕೊಂಡರೆ 14 ರೂಪಾಯಿ. ಸ್ವಂತ ಹಣದಲ್ಲಿ ವ್ಯಾಪಾರ ಮಾಡುವವರು ಬಡ್ಡಿಯೇ ಇಲ್ಲ ಎಂದುಕೊಳ್ಳುತ್ತಾರೆ. ಅದೇ ಹಣದಲ್ಲಿ ಇನ್ನೊಂದು ಸರಕು ತಂದಿದ್ದರೆ ಏನು ಸಿಗುತ್ತಿತ್ತೋ ಅದೇ ಅವರ ಬಡ್ಡಿ.

ಈಗ ಎರಡೂ ಖರ್ಚನ್ನು ಪಕ್ಕಪಕ್ಕ ಇಡಿ. 250 ಕಿಲೋದಂತೆ ತರಿಸಿದರೆ ವರ್ಷಕ್ಕೆ ಸುಮಾರು 29 ಆರ್ಡರು, ಅದರ ಖರ್ಚು 12,960 ರೂಪಾಯಿ. ಗೋಡೌನಿನಲ್ಲಿ ಸರಾಸರಿ ಇರುವುದು ತಂದದ್ದರ ಅರ್ಧ, 125 ಕಿಲೋ, ಅದಕ್ಕೆ 1,750. ಕೂಡಿದರೆ 14,710. ಒಮ್ಮೆಗೇ 2,000 ಕಿಲೋ ತಂದರೆ ಆರ್ಡರಿನ ಖರ್ಚು 1,620ಕ್ಕೆ ಇಳಿಯುತ್ತದೆ, ಇಟ್ಟುಕೊಳ್ಳುವುದು 14,000ಕ್ಕೆ ಏರುತ್ತದೆ. ಒಟ್ಟು 15,620. ಒಂದು ಏರಿದಂತೆ ಇನ್ನೊಂದು ಇಳಿಯುವ ಈ ಎರಡರ ಮೊತ್ತ ಎಲ್ಲೋ ನಡುವೆ ಅತಿ ಕಡಿಮೆಯಾಗಬೇಕು. ಎರಡೂ ಖರ್ಚು ಸಮವಾಗುವ ಜಾಗವೇ ಅದು. ಅದನ್ನು ಸಮೀಕರಣವಾಗಿ ಬರೆದು ಬಿಡಿಸಿದರೆ ಸಿಗುವುದು ಇಷ್ಟೇ:

```
Q = √(2 × D × S ÷ H)
  = √(2 × 7200 × 450 ÷ 14)
  ≈ 680
```

D ವರ್ಷದ ಮಾರಾಟ, S ಒಂದು ಆರ್ಡರಿನ ಖರ್ಚು, H ಒಂದು ಕಿಲೋವನ್ನು ವರ್ಷ ಇಟ್ಟುಕೊಳ್ಳುವ ಖರ್ಚು. 680 ಕಿಲೋ ಎಂದರೆ 27 ಬಂಡಲು. ಆಗ ಆರ್ಡರಿನ ಖರ್ಚೂ ಇಟ್ಟುಕೊಳ್ಳುವ ಖರ್ಚೂ ತಲಾ ಸುಮಾರು 4,760, ಒಟ್ಟು 9,525 ರೂಪಾಯಿ. ಹತ್ತು ಬಂಡಲಿನ ಅಭ್ಯಾಸಕ್ಕೆ ಹೋಲಿಸಿದರೆ ಒಂದೇ ಸರಕಿನಲ್ಲಿ ವರ್ಷಕ್ಕೆ ಐದು ಸಾವಿರ ಉಳಿತಾಯ.

ಈ ಸೂತ್ರವನ್ನು 1913ರಲ್ಲಿ ಮೊದಲು ಪ್ರಕಟಿಸಿದವನು ಫೋರ್ಡ್ ಹ್ಯಾರಿಸ್. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್, ಕಾಲೇಜು ಓದಿದವನಲ್ಲ, ಮುಂದೆ ಪೇಟೆಂಟ್ ವಕೀಲನಾದ. ಅವನ ಪ್ರಶ್ನೆ ಅಂಗಡಿಯದ್ದಲ್ಲ, ಕಾರ್ಖಾನೆಯದ್ದು: ಯಂತ್ರವನ್ನು ಒಮ್ಮೆ ಅಣಿ ಮಾಡಿದ ಮೇಲೆ ಎಷ್ಟು ಬಿಡಿಭಾಗ ತಯಾರಿಸಿಬಿಡಬೇಕು? ಲೇಖನ ಬಂದದ್ದು 'ಫ್ಯಾಕ್ಟರಿ' ಎಂಬ ಮಾಸಪತ್ರಿಕೆಯಲ್ಲಿ. ಆಮೇಲೆ ಅದು ಎಲ್ಲಿ ಬಂದಿತ್ತು ಎಂಬುದೇ ಮರೆತುಹೋಗಿ, ದಶಕಗಳ ಕಾಲ ಜನ ತಪ್ಪು ಪುಸ್ತಕವನ್ನು ಉಲ್ಲೇಖಿಸುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಡೊನಾಲ್ಡ್ ಅರ್ಲೆಂಕಾಟರ್ ಎಂಬ ಪ್ರಾಧ್ಯಾಪಕರು ಮೂಲ ಲೇಖನವನ್ನು ಹುಡುಕಿ ತೆಗೆದರು. ಅಷ್ಟರಲ್ಲಿ ಸೂತ್ರಕ್ಕೆ, 1934ರಲ್ಲಿ ಅದನ್ನು ಬಳಕೆಗೆ ತಂದ ಆರ್. ಎಚ್. ವಿಲ್ಸನ್ ಹೆಸರು ಅಂಟಿಕೊಂಡಿತ್ತು. ಇಂದಿಗೂ ಕೆಲವು ಪುಸ್ತಕಗಳಲ್ಲಿ ಅದು ವಿಲ್ಸನ್ ಸೂತ್ರವೇ.

ಸೂತ್ರ ನೋಡಿದ ಗೆಳೆಯರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: "ಈ 450, ಈ 20%, ಎಲ್ಲ ನಾವೇ ಅಂದಾಜು ಮಾಡಿದ್ದಲ್ಲ? ತಪ್ಪಿದ್ರೆ?"

ತಪ್ಪಿದರೂ ಹೆಚ್ಚೇನೂ ಆಗುವುದಿಲ್ಲ. ಈ ಸೂತ್ರದ ದೊಡ್ಡ ಗುಣ ಅದು. 500 ಕಿಲೋದಂತೆ ತರಿಸಿದರೆ ವರ್ಷದ ಖರ್ಚು 9,980. ಸಾವಿರ ಕಿಲೋದಂತೆ ತರಿಸಿದರೆ 10,240. ಇಪ್ಪತ್ತು ಬಂಡಲಿಗೂ ನಲವತ್ತಕ್ಕೂ ನಡುವೆ ಎಲ್ಲಿ ನಿಂತರೂ ಅತಿ ಕಡಿಮೆ ಖರ್ಚಿಗಿಂತ ಹೆಚ್ಚೆಂದರೆ ಏಳೆಂಟು ನೂರು ರೂಪಾಯಿ ಮೇಲೆ. ಖರ್ಚಿನ ರೇಖೆ ಬಾಣಲೆಯ ತಳದ ಹಾಗೆ, ನಡುವೆ ಚಪ್ಪಟೆ, ಅಂಚಿನಲ್ಲಿ ಮಾತ್ರ ಏರು. ಆರ್ಡರಿನ ಖರ್ಚನ್ನು ನಿಜಕ್ಕಿಂತ ದುಪ್ಪಟ್ಟು ಹಿಡಿದಿದ್ದೇವೆ ಎಂದುಕೊಳ್ಳಿ. ವರ್ಗಮೂಲದೊಳಗೆ ಸಿಕ್ಕ ಆ ದುಪ್ಪಟ್ಟು ತಪ್ಪು ಹೊರಬರುವಾಗ 1.4 ಪಟ್ಟಾಗುತ್ತದೆ, ಖರ್ಚಿಗೆ ಬರುವಾಗ ಬರೀ 6% ಹೆಚ್ಚಳವಾಗುತ್ತದೆ. ಹಾಗಾಗಿ 680 ಎಂಬ ಸಂಖ್ಯೆಯನ್ನು ದಶಾಂಶದವರೆಗೆ ಎಳೆಯುವುದು ವ್ಯರ್ಥ ಕಸರತ್ತು. ಇಪ್ಪತ್ತೇಳು ಬಂಡಲು ಬೇಕು, ಮೂವತ್ತಾದರೂ ನಡೆಯುತ್ತದೆ, ಹತ್ತು ಮಾತ್ರ ಬೇಡ.

ಡೀಲರು ರಿಯಾಯಿತಿ ಕೊಟ್ಟಾಗಲೂ ಈ ಚಪ್ಪಟೆ ತಳ ಕೈಹಿಡಿಯುತ್ತದೆ. ಒಂದು ಟನ್ ತೆಗೆದುಕೊಂಡರೆ ಕಿಲೋಗೆ 1 ರೂಪಾಯಿ ಕಡಿಮೆ ಎಂದರೆ ವರ್ಷಕ್ಕೆ 7,200 ಉಳಿತಾಯ, ಹೆಚ್ಚುವರಿ ಖರ್ಚು 715. ಕಣ್ಣುಮುಚ್ಚಿ ಒಪ್ಪಬಹುದು. ಎರಡು ಟನ್ನಿಗೆ ಒಂದೂವರೆ ರೂಪಾಯಿ ಕಡಿಮೆ ಎಂದರೆ ಉಳಿತಾಯ 10,800, ಹೆಚ್ಚುವರಿ ಖರ್ಚು ಆರು ಸಾವಿರ ದಾಟುತ್ತದೆ. ದೊಡ್ಡ ರಿಯಾಯಿತಿಯೇ ಇಲ್ಲಿ ಕಡಿಮೆ ಲಾಭದ್ದು. ಕಬ್ಬಿಣದ ದರ ಮುಂದಿನ ವಾರ ಏರುತ್ತದೆ ಎಂಬ ಸುದ್ದಿ ನಂಬಿ ಗೋಡೌನು ತುಂಬಿಸುವವರ ಲೆಕ್ಕ ಬೇರೆ. ಅದು ಸಟ್ಟಾ, ಸೂತ್ರಕ್ಕೆ ಅದು ಗೊತ್ತಿಲ್ಲ.

ಆದರೆ ಇಪ್ಪತ್ತೇಳು ಬಂಡಲು ತರಿಸಿದರೂ ಆ ದಿನ ಮೇಸ್ತ್ರಿ ಬರಿಗೈಯಲ್ಲಿ ಹೋಗುವುದು ತಪ್ಪುತ್ತಿರಲಿಲ್ಲ. ತಪ್ಪಿದ್ದು ಪ್ರಮಾಣವಲ್ಲ, ಫೋನು ಮಾಡಿದ ಗಳಿಗೆ.

ಫೋನು ಮಾಡಿದ ಮೇಲೆ ಸರಕು ಬರಲು ಸಾಮಾನ್ಯವಾಗಿ ನಾಲ್ಕು ದಿನ. ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸಿನಲ್ಲೇ ಇದ್ದರೂ ಡೀಲರು ಈ ಕಡೆಯ ಅಂಗಡಿಗಳ ಲೋಡು ಕೂಡುವವರೆಗೆ ಕಾಯುತ್ತಾರೆ. ನಾಲ್ಕು ದಿನಕ್ಕೆ 24ರಂತೆ 96 ಕಿಲೋ ಖರ್ಚಾಗುತ್ತದೆ. ಹಾಗಾದರೆ 96 ಕಿಲೋ ಉಳಿದಾಗ ಫೋನು ಮಾಡಿದರೆ ಸಾಕಲ್ಲ? ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಸಾಕು. ಅಂಗಡಿಯಲ್ಲಿ 96 ಎಂಬುದು ಸರಾಸರಿ. ಹೆಚ್ಚುಕಡಿಮೆ ಅರ್ಧದಷ್ಟು ಸಲ ಮಾರಾಟ ಅದಕ್ಕಿಂತ ಜಾಸ್ತಿ ಇರುತ್ತದೆ, ಅರ್ಧದಷ್ಟು ಸಲ ಸರಕು ಬರುವ ಮೊದಲೇ ಗೋಡೌನು ಖಾಲಿಯಾಗುತ್ತದೆ. ವರ್ಷಕ್ಕೆ ಹನ್ನೊಂದು ಆರ್ಡರು ಎಂದರೆ ಐದು ಸಲ "ನಾಳೆ ಬರ್ತದೆ" ಎನ್ನಬೇಕು.

ಅನಿಶ್ಚಯ ಎರಡು ಕಡೆಯಿಂದ ಬರುತ್ತದೆ. ಒಂದು ದಿನ ಐದು ಕಿಲೋ ಹೋದರೆ ಇನ್ನೊಂದು ದಿನ ಸ್ಲ್ಯಾಬಿನವರು ಬಂದು ಐವತ್ತು ಒಯ್ಯುತ್ತಾರೆ. ದಿನದ ಮಾರಾಟ ಸರಾಸರಿಯಿಂದ ಆಚೀಚೆ ಎಷ್ಟು ಸರಿಯುತ್ತದೆ ಎಂಬುದಕ್ಕೆ ಸಂಖ್ಯಾಶಾಸ್ತ್ರದ ಅಳತೆ ಮಾನಕ ವಿಚಲನೆ. ಹೈಸ್ಕೂಲಿನಲ್ಲಿ ಕಲಿತು ಮರೆತಿದ್ದರೂ ಮೊಬೈಲಿನ ಸ್ಪ್ರೆಡ್‌ಶೀಟ್ ಅದನ್ನು ಕ್ಷಣದಲ್ಲಿ ಕೊಡುತ್ತದೆ. ಗೆಳೆಯರ ಅಂಗಡಿಗೆ ಅದು 18 ಕಿಲೋ ಬಂತು. ನಾಲ್ಕು ದಿನಕ್ಕೆ ಇದು ನಾಲ್ಕು ಪಟ್ಟಾಗುವುದಿಲ್ಲ. ಒಂದು ದಿನದ ಏರು ಇನ್ನೊಂದು ದಿನದ ಇಳಿತದಲ್ಲಿ ಸ್ವಲ್ಪ ಕರಗುವುದರಿಂದ ನಾಲ್ಕರ ವರ್ಗಮೂಲ, ಅಂದರೆ ಎರಡು ಪಟ್ಟಾಗುತ್ತದೆ: 36 ಕಿಲೋ.

ಇನ್ನೊಂದು ಅನಿಶ್ಚಯ ಲಾರಿಯದ್ದು. ಕಳೆದ ಹತ್ತು ಆರ್ಡರುಗಳಿಗೆ ಹಿಡಿದ ದಿನಗಳು ಹೀಗಿದ್ದವು: 3, 4, 3, 5, 3, 3, 4, 8, 3, 4. ಸರಾಸರಿ ನಾಲ್ಕು ಹೌದು, ಆದರೆ ಆ ಎಂಟನ್ನು ನೋಡಿ. ಈ ಪಟ್ಟಿಯ ಮಾನಕ ವಿಚಲನೆ ಸುಮಾರು ಒಂದೂವರೆ ದಿನ, ಕಿಲೋ ಲೆಕ್ಕದಲ್ಲಿ 24ರ ಒಂದೂವರೆ ಪಟ್ಟು, ಅದೂ 36. ಗಿರಾಕಿಗಳಿಂದ ಎಷ್ಟು ಅನಿಶ್ಚಯವೋ ಲಾರಿಯಿಂದಲೂ ಅಷ್ಟೇ! ಅಂಗಡಿಕಾರರು ಮೊದಲನೆಯದನ್ನು ದಿನವೂ ಕಾಣುತ್ತಾರೆ, ಎರಡನೆಯದನ್ನು "ಈ ಸಲ ಸ್ವಲ್ಪ ತಡ ಆಯ್ತು" ಎಂದು ಮರೆಯುತ್ತಾರೆ.

ಎರಡೂ ಒಟ್ಟಿಗೇ ಕೈಕೊಡುವುದು ಅಪರೂಪ, ಹಾಗಾಗಿ 36ಕ್ಕೆ 36 ಕೂಡಿಸಿ 72 ಎನ್ನುವಂತಿಲ್ಲ. ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ ಅವನ್ನು ಕೂಡಿಸಬೇಕು, ಆಗ ಸಿಗುವ ಕರ್ಣ 51. ಈ 51 ಕಿಲೋವನ್ನು ಅಳತೆಗೋಲಾಗಿ ಇಟ್ಟುಕೊಂಡು, 96ರ ಮೇಲೆ ಎಷ್ಟು ಆಪತ್ತಿನ ದಾಸ್ತಾನು ಬೇಕು ಎಂದು ಕೇಳಬೇಕು. ಗಂಟೆಯಾಕಾರದ ವಕ್ರರೇಖೆಯ ಕೋಷ್ಟಕದ ಪ್ರಕಾರ, ಏಳು ಬಂಡಲು, ಅಂದರೆ 175 ಕಿಲೋ ಇರುವಾಗ ಫೋನು ಮಾಡಿದರೆ ನೂರು ಆರ್ಡರಿನಲ್ಲಿ ಆರು ಸಲ ಸರಕು ಮುಗಿಯುತ್ತದೆ. ಎಂಟು ಬಂಡಲಾದರೆ ಎರಡು ಸಲ.

ಆ ಎಂಟನೆಯ ಬಂಡಲು ಬೇಕೇ? ನೂರಕ್ಕೆ 95 ಇರಲಿ, 98 ಇರಲಿ ಎಂದು ಪುಸ್ತಕಗಳು ಹೇಳುವುದನ್ನು ನಾನು ಒಪ್ಪುವುದಿಲ್ಲ. ಆ ಸಂಖ್ಯೆ ಆಕಾಶದಿಂದ ಬಿದ್ದದ್ದಲ್ಲ, ಲೆಕ್ಕ ಹಾಕಿ ತೆಗೆಯಬಹುದಾದದ್ದು. ಎಂಟನೆಯ ಬಂಡಲಿನ 25 ಕಿಲೋ ವರ್ಷವಿಡೀ ಬಿದ್ದಿರಲು 350 ರೂಪಾಯಿ. ಅದು ತಪ್ಪಿಸುವುದು ವರ್ಷಕ್ಕೆ ಅರ್ಧಕ್ಕಿಂತ ತುಸು ಕಡಿಮೆ ಸಲ ಸರಕು ಮುಗಿಯುವುದನ್ನು, ಅಂದರೆ ಎರಡೂವರೆ ವರ್ಷಕ್ಕೊಮ್ಮೆ ಬರುವ ಒಂದು ಪೇಚನ್ನು. ಹಾಗಾಗಿ ಒಮ್ಮೆ ಸರಕು ಮುಗಿದರೆ ಆಗುವ ನಷ್ಟ 820 ರೂಪಾಯಿಗಿಂತ ಹೆಚ್ಚಿದ್ದರೆ ಎಂಟನೆಯದು ಲಾಭ. ವೈರಿನ ಲಾಭವಷ್ಟನ್ನೇ ಎಣಿಸಿದರೆ ನಷ್ಟ ಅಷ್ಟಾಗದಿರಬಹುದು. ಆದರೆ ಮೇಸ್ತ್ರಿ ಎದುರಿನ ಅಂಗಡಿಗೆ ಒಯ್ದದ್ದು ವೈರನ್ನಷ್ಟೇ ಅಲ್ಲ, ಇಡೀ ಚೀಟಿಯನ್ನು. ಗೆಳೆಯರು ಎಂಟನ್ನು ಒಪ್ಪಿದರು.

ಲೆಕ್ಕ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಒಂದು ಕೊರೆ ಉಳಿದಿದೆ. ಎಂಟು ಬಂಡಲು ಉಳಿದಾಗ ಫೋನು ಎನ್ನುವ ಲೆಕ್ಕ, ದಾಸ್ತಾನು ನಲ್ಲಿಯ ನೀರಿನಂತೆ ಸಣ್ಣಗೆ ಇಳಿದು ಸರಿಯಾಗಿ 200ಕ್ಕೆ ಮುಟ್ಟುತ್ತದೆ ಎಂದುಕೊಳ್ಳುತ್ತದೆ. ಅಂಗಡಿಯಲ್ಲಿ ಹಾಗಾಗದು. ಬೆಳಿಗ್ಗೆ 210 ಇದೆ, ಫೋನಿನ ಅಗತ್ಯವಿಲ್ಲ. ಹತ್ತು ಗಂಟೆಗೆ ಒಬ್ಬರು ಐವತ್ತು ಒಯ್ದರು, ಉಳಿದದ್ದು 160. ಫೋನು ಮಾಡುವ ಹೊತ್ತಿಗೇ ಗೆರೆಯಿಂದ 40 ಕಿಲೋ ಕೆಳಗಿದ್ದೀರಿ. ದೊಡ್ಡ ಗಂಟುಗಳಲ್ಲಿ ಮಾರಾಟವಾಗುವ ಸರಕಿಗೆಲ್ಲ ಈ ತೊಂದರೆಯಿದೆ, ಪಠ್ಯಪುಸ್ತಕಗಳು ಇದನ್ನು ಹೇಳುವುದು ಕಡಿಮೆ. ಅದಕ್ಕೆಂದು ಒಂದು ಬಂಡಲು ಸೇರಿಸಿ ಮಟ್ಟವನ್ನು ಒಂಬತ್ತಕ್ಕೆ, 225 ಕಿಲೋಗೆ, ನಿಲ್ಲಿಸಿದೆವು. ಇದೇ ಕಾರಣಕ್ಕೆ, ಮುಂಗಡ ಕೊಟ್ಟು ಸೋಮವಾರ ಒಯ್ಯುತ್ತೇನೆಂದವರ ಸರಕು ಗೋಡೌನಿನಲ್ಲಿದ್ದರೂ ಅದನ್ನು ಇಲ್ಲವೆಂದೇ ಎಣಿಸಬೇಕು.

ದಿನವೂ ತೂಗಿ ನೋಡುವುದು ಯಾರಿಂದಲೂ ಆಗದು. ಅದಕ್ಕೆ ಪರಿಹಾರ ನಮ್ಮ ಅಡುಗೆಮನೆಯಲ್ಲೇ ಇದೆ. ಎರಡು ಗ್ಯಾಸ್ ಸಿಲಿಂಡರ್ ಇರುವ ಮನೆಯಲ್ಲಿ ಯಾರೂ ಗ್ಯಾಸನ್ನು ಅಳೆಯುವುದಿಲ್ಲ. ಒಂದು ಮುಗಿದು ಎರಡನೆಯದನ್ನು ಹಚ್ಚಿದ ದಿನವೇ ಬುಕ್ ಮಾಡುತ್ತಾರೆ. ಆ ಎರಡನೆಯ ಸಿಲಿಂಡರೇ ಮರು ಆರ್ಡರ್ ಮಟ್ಟ. ಗೆಳೆಯರ ಗೋಡೌನಿನ ಮೂಲೆಯಲ್ಲಿ ಒಂಬತ್ತು ಬಂಡಲುಗಳನ್ನು ಹಲಗೆಯ ಮೇಲೆ ಒಟ್ಟಿ ನೀಲಿ ತಾಡಪಾಲು ಹೊದಿಸಿದೆವು. ಉಳಿದದ್ದನ್ನು ಮುಂದೆ ಇಟ್ಟು ಮಾರುವುದು. ತಾಡಪಾಲು ಸರಿಸಬೇಕಾಗಿ ಬಂದ ಗಳಿಗೆಯೇ ಹುಬ್ಬಳ್ಳಿಗೆ ಫೋನು. ಹೊಸ ಲೋಡು ಬಂದಾಗ ಹಳೆಯ ಬಂಡಲುಗಳನ್ನು ಮುಂದಕ್ಕೆಳೆದು ಹೊಸತನ್ನು ತಾಡಪಾಲಿನಡಿ ಇಡಬೇಕು. ಇಲ್ಲದಿದ್ದರೆ ಆಪತ್ತಿಗೆಂದು ಇಟ್ಟದ್ದೇ ತುಕ್ಕು ಹಿಡಿದು ಕೂರುತ್ತದೆ.

ಇನ್ನು ಮಳೆಗಾಲ. ಜೂನಿನಿಂದ ಶಿರಸಿಯಲ್ಲಿ ಸ್ಲ್ಯಾಬು ಹಾಕುವವರು ಕಡಿಮೆ, ಮಾರಾಟ ದಿನಕ್ಕೆ ಹತ್ತು ಕಿಲೋಗೆ ಇಳಿಯುತ್ತದೆ. ಸೂತ್ರದಲ್ಲಿ 7,200ರ ಬದಲು 3,000 ಹಾಕಿದರೆ ಆರ್ಡರ್ ಪ್ರಮಾಣ 440 ಕಿಲೋ. ಮಾರಾಟ ಅರ್ಧಕ್ಕಿಂತಲೂ ಕೆಳಗಿಳಿದರೂ ಪ್ರಮಾಣ ಮೂರನೆಯ ಒಂದರಷ್ಟು ಮಾತ್ರ ಇಳಿಯಿತು, ಅದೂ ವರ್ಗಮೂಲದ ಕೃಪೆ. ಮರು ಆರ್ಡರ್ ಮಟ್ಟಕ್ಕೆ ಅಂಥ ಕೃಪೆಯಿಲ್ಲ, ಒಂಬತ್ತು ಬಂಡಲು ಐದಕ್ಕೆ ಬರಬೇಕು. ಮೇ ಕೊನೆಯಲ್ಲಿ ತಾಡಪಾಲಿನಡಿಯಿಂದ ನಾಲ್ಕನ್ನು ಮುಂದೆ ತರುವುದು, ಅಕ್ಟೋಬರಿನಲ್ಲಿ ಮತ್ತೆ ಸೇರಿಸುವುದು.

ಗಂಟೆಯಾಕಾರದ ರೇಖೆಯನ್ನು ನಂಬದವರಿಗೆ ಇನ್ನೊಂದು ದಾರಿಯಿದೆ, ನಂಬುವವರೂ ಅದನ್ನು ಮಾಡಿನೋಡಬೇಕು. ಪ್ರತಿ ಆರ್ಡರಿಗೂ, ಫೋನು ಮಾಡಿದ ದಿನದಿಂದ ಸರಕು ಇಳಿದ ದಿನದವರೆಗೆ ಎಷ್ಟು ಕಿಲೋ ಮಾರಾಟವಾಯಿತು ಎಂದು ಬರೆದಿಡಿ. ಕೆಲವು ಗಿರಾಕಿಗಳು ಬರಿಗೈಯಲ್ಲಿ ಹೋಗಿದ್ದರೆ ಅವರು ಕೇಳಿದ್ದನ್ನೂ ಸೇರಿಸಿ. ಇಲ್ಲದಿದ್ದರೆ ಖಾಲಿ ಗೋಡೌನು ಮಾರಾಟವೇ ಕಡಿಮೆಯೆಂದು ಸುಳ್ಳು ಹೇಳುತ್ತದೆ. ಇಪ್ಪತ್ತು ಮೂವತ್ತು ಸಂಖ್ಯೆ ಕೂಡಿದ ಮೇಲೆ ಅವುಗಳಲ್ಲಿ ಅತಿ ದೊಡ್ಡದು ನಿಮ್ಮ ಮಟ್ಟದ ಸಮೀಪವಿದ್ದರೆ ಲೆಕ್ಕ ಸರಿ, ಅದನ್ನು ಮೀರಿದ್ದರೆ ಇನ್ನೊಂದು ಬಂಡಲು ಸೇರಿಸಿ.

ಈ ಎಲ್ಲ ಲೆಕ್ಕದಲ್ಲಿ ನಮಗೆ ಸಿಗಲು ಕಷ್ಟವಾದದ್ದು ಒಂದೇ ಮಾಹಿತಿ. ಮಾರಾಟ ಬಿಲ್ ಪುಸ್ತಕದಲ್ಲಿತ್ತು, ಸರಕು ಬಂದ ದಿನ ಬಿಲ್ಟಿಯಲ್ಲಿತ್ತು, ಆರ್ಡರು ಹೇಳಿದ ದಿನ ಎಲ್ಲೂ ಇರಲಿಲ್ಲ. ಕೊನೆಗೆ ಗೆಳೆಯರ ಮೊಬೈಲಿನ ವಾಟ್ಸಾಪ್ ಸಂದೇಶಗಳಿಂದ ಹೆಕ್ಕಿ ತೆಗೆದೆವು. ನಿಮ್ಮದೂ ಇಂಥದೊಂದು ಅಂಗಡಿಯಾದರೆ, ಸೂತ್ರ ಆಮೇಲೆ ನೋಡಿ. ಮುಂದಿನ ಸಲ ಡೀಲರಿಗೆ ಫೋನು ಮಾಡಿದಾಗ ಆ ದಿನದ ತಾರೀಖನ್ನು ಗೋಡೌನಿನ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.